ಬೋನಸ್ ಲೆಕ್ಕದಲ್ಲಿ ಎರಡು ಮಿತಿ

ನಮಸ್ಕಾರ ಕೇಳುಗರೇ. ಹಾಸನ, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರ ಕೈಗೆ ಬೋನಸ್ ಚೀಟಿ ಬಂದಾಗ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ, ಇವತ್ತು ಅದರ ಬಗ್ಗೆಯೇ ಮಾತಾಡೋಣ.

1965ರ ಬೋನಸ್ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂತು. ಆಗ ಎರಡು ಮಿತಿ ಇಟ್ಟರು. ಒಂದು, ಬೋನಸ್ ಯಾರಿಗೆ ಅನ್ನುವುದು: ತಿಂಗಳ ವೇತನ 21,000 ರೂಪಾಯಿ ದಾಟದವರಿಗೆ. ಇಲ್ಲಿ ವೇತನ ಅಂದರೆ ಮೂಲ ವೇತನ ಮತ್ತು ತುಟ್ಟಿಭತ್ಯೆ. ಮನೆ ಬಾಡಿಗೆ ಭತ್ಯೆ, ಓಟಿ ಸೇರಿಸಿ 'ನಿಮಗೆ 22,000 ಬರ್ತಿದೆ, ಬೋನಸ್ ಇಲ್ಲ' ಅಂದರೆ ಒಪ್ಪಬೇಡಿ.

ಇನ್ನೊಂದು ಮಿತಿ, ಎಷ್ಟರ ಮೇಲೆ ಲೆಕ್ಕ ಅನ್ನುವುದು. 7,000 ರೂಪಾಯಿ ಅಥವಾ ಆ ಕೆಲಸಕ್ಕೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ವೇತನ, ಯಾವುದು ಜಾಸ್ತಿಯೋ ಅದು. ಚೀಟಿಯಲ್ಲಿ ಈ ಎರಡನೇ ಭಾಗವನ್ನೇ ಬಿಟ್ಟುಬಿಡುತ್ತಾರೆ.

ಕಾಫಿ ಬೀಜ ಆರಿಸುವ ಒಬ್ಬ ಅಕ್ಕನ ಲೆಕ್ಕ ಹಾಕಿ ನೋಡೋಣ. ವರ್ಷ 2023-24, ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 14,500. ಆ ಕೆಲಸದ ಕನಿಷ್ಠ ವೇತನ 12,600 ಅಂತ ಇಟ್ಟುಕೊಳ್ಳಿ. 7,000ಕ್ಕಿಂತ ಅದು ಜಾಸ್ತಿ, ಹಾಗಾಗಿ ಲೆಕ್ಕ ಅದರ ಮೇಲೇ. 12 ತಿಂಗಳಿಗೆ 1,51,200. ಅದಕ್ಕೆ ಶೇಕಡಾ 8.33, ಅಂದರೆ ಸುಮಾರು 12,595 ರೂಪಾಯಿ. ಇದು ಕನಿಷ್ಠ. ಮಾಲೀಕರು 7,000ಕ್ಕೇ ಲೆಕ್ಕ ಹಾಕಿದ್ದರೆ ಕೈಗೆ ಬರುವುದು 6,997 ಮಾತ್ರ. ಸುಮ್ನೆ ಐದೂವರೆ ಸಾವಿರಕ್ಕಿಂತ ಜಾಸ್ತಿ ಹೋಯಿತಲ್ವಾ? ಚೀಟಿಯಲ್ಲಿ 6,997 ಅಥವಾ ಅದರ ಆಸುಪಾಸಿನ ಮೊತ್ತ ಕಂಡರೆ ಲೆಕ್ಕ ಕೇಳಿ.

ಕಂಪನಿಗೆ ನಷ್ಟವಾದರೂ 8.33 ಕೊಡಲೇಬೇಕು. ಹೊಸದಾಗಿ ಶುರುವಾದ ಸಂಸ್ಥೆಗೆ ಮಾತ್ರ ಮೊದಲ ಐದು ವರ್ಷ, ಲಾಭ ಬರದ ವರ್ಷದಲ್ಲಿ ವಿನಾಯಿತಿ. ಹಂಚಬಹುದಾದ ಲಾಭ ಚೆನ್ನಾಗಿದ್ದರೆ ಶೇಕಡಾ 20ರವರೆಗೂ ಏರಬಹುದು, ಅದಕ್ಕಿಂತ ಮೇಲೆ ಕಾಯ್ದೆ ಒತ್ತಾಯ ಮಾಡುವುದಿಲ್ಲ. ಈ ಅಕ್ಕನಿಗೆ ಆಗ 30,240 ಆಗುತ್ತಿತ್ತು.

ಸೀಸನ್‌ಗೆ ಮಾತ್ರ ಬರುವವರಿಗೂ ಹಕ್ಕಿದೆ, ಆ ವರ್ಷ 30 ದಿನ ಕೆಲಸ ಮಾಡಿರಬೇಕು ಅಷ್ಟೇ. ಇದೇ ಅಕ್ಕ ಮೂರು ತಿಂಗಳು ದುಡಿದಿದ್ದರೆ 37,800ರ ಮೇಲೆ ಸುಮಾರು 3,149 ರೂಪಾಯಿ. ಹಬ್ಬಕ್ಕೆ ಬೋನಸ್‌ನಲ್ಲೇ ಮುಂಗಡ ಕೊಟ್ಟಿದ್ದರೆ ಅದನ್ನು ಕಳೆಯುತ್ತಾರೆ, ಅದು ಸರಿಯೇ.

ಹಳೆ ಕಾಯ್ದೆಯ ಜಾಗಕ್ಕೆ ಈಗ 2019ರ ವೇತನ ಸಂಹಿತೆ ಬಂದಿದೆ. 8.33, 20 ಎರಡೂ ಅಲ್ಲಿಯೂ ಇವೆ, ವೇತನ ಮಿತಿಯನ್ನು ಮಾತ್ರ ಸರ್ಕಾರ ಅಧಿಸೂಚನೆಯಲ್ಲಿ ಹೇಳುತ್ತದೆ. ಲೆಕ್ಕದ ವರ್ಷ ಮುಗಿದು ಎಂಟು ತಿಂಗಳೊಳಗೆ ಹಣ ಬರಬೇಕು, ಅಂದರೆ ಮಾರ್ಚ್‌ಗೆ ವರ್ಷ ಮುಗಿಯುವ ಕಡೆ ನವೆಂಬರ್ 30ರೊಳಗೆ. ಬಾರದಿದ್ದರೆ ವರ್ಷದ ಸಂಬಳದ ಚೀಟಿಗಳನ್ನೆಲ್ಲ ಜೋಡಿಸಿಕೊಂಡು ಜಿಲ್ಲಾ ಕಾರ್ಮಿಕ ಅಧಿಕಾರಿ ಕಚೇರಿಗೆ ಹೋಗಿ ಲಿಖಿತ ದೂರು ಕೊಡಿ, ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆದುಕೊಳ್ಳಿ.