ತೊಲೆಗೆ ಹಾಕಿದ ತೇಪೆ ಏಕೆ ಉದುರುತ್ತದೆ?

ಎಲ್ಲರಿಗೂ ನಮಸ್ಕಾರ. ಎಂಜಿನಿಯರುಗಳು, ಗಾರೆ ಕೆಲಸದ ಮೇಸ್ತ್ರಿಗಳು, ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವವರು ಒಟ್ಟಿಗೆ ಕೂತಿದ್ದೀರಿ. ಹಾಗಾಗಿ ಇವತ್ತು ಒಂದೇ ಒಂದು ತೊಲೆಯ ಬಗ್ಗೆ ಮಾತಾಡುತ್ತೇನೆ.

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ 1930ರ ದಶಕದ ಶಾಲೆ, ಕಚೇರಿ, ಬಂಗಲೆಗಳಲ್ಲಿ ಗೋಡೆ ಇಟ್ಟಿಗೆಯದು ಅಥವಾ ಜಂಬಿಟ್ಟಿಗೆಯದು, ಗಾರೆ ಸುಣ್ಣದ್ದು. ಮುಂದಿನ ಪೋರ್ಟಿಕೋ, ಸಜ್ಜಾ, ವರಾಂಡದ ತೊಲೆ ಮಾತ್ರ ಕಾಂಕ್ರೀಟಿನವು. ಅಂಥ ಒಂದು ಪೋರ್ಟಿಕೋ ತೊಲೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಕಟ್ಟಿ ಸುಮಾರು 85 ವರ್ಷವಾಗಿದೆ. ಅಗಲ ಒಂಬತ್ತು ಇಂಚು. ಕೆಳಗೆ 5/8 ಇಂಚಿನ, ಅಂದರೆ ಸುಮಾರು 16 ಮಿಲಿಮೀಟರಿನ ನಾಲ್ಕು ನುಣುಪು ಕಂಬಿಗಳು. ಕಾಂಕ್ರೀಟ್ ಕೈಯಲ್ಲಿ ಕಲಸಿದ 1:2:4. ಕಂಬಿಯನ್ನು ಮುಚ್ಚಿರುವ ಕಾಂಕ್ರೀಟ್, ಅಂದರೆ ಕವರ್, 20 ಮಿಲಿಮೀಟರ್. ತೊಲೆಯ ಕೆಳಮೈಯಲ್ಲಿ ಕಂಬಿಯ ಗುಂಟ ಉದ್ದಕ್ಕೆ ಬಿರುಕು ಬಿಟ್ಟಿದೆ. ಯಾರೋ ಒಮ್ಮೆ ಸಿಮೆಂಟ್ ಮೆತ್ತಿದ್ದಾರೆ, ಎರಡು ಮೂರು ಮಳೆಗಾಲದಲ್ಲಿ ಅದೂ ಹಲಗೆಯ ಹಾಗೆ ಕಳಚಿ ಬಿದ್ದಿದೆ.

ಬಿದ್ದ ತುಂಡನ್ನು ತಿರುಗಿಸಿ ನೋಡಿದರೆ ಅರ್ಧ ಕತೆ ಗೊತ್ತಾಗುತ್ತದೆ. ತೇಪೆಗೆ ಏನೂ ಆಗಿರುವುದಿಲ್ಲ, ಗಟ್ಟಿಯಾಗಿಯೇ ಇರುತ್ತದೆ. ಅದರ ಬೆನ್ನಿಗೆ ಹಳೆಯ ಕಾಂಕ್ರೀಟಿನ ಐದಾರು ಮಿಲಿಮೀಟರ್ ಪದರ ಅಂಟಿಕೊಂಡು ಬಂದಿರುತ್ತದೆ. ಅಂದರೆ ಅಂಟು ಬಿಟ್ಟಿಲ್ಲ, ಹಳೆಯ ಕಾಂಕ್ರೀಟೇ ಹರಿದಿದೆ. ಕಂಬಿ ಇದ್ದ ಜಾಗದಲ್ಲಿ ಈರುಳ್ಳಿ ಸಿಪ್ಪೆಯಂತೆ ಪದರ ಪದರ ತುಕ್ಕು. ಹರಿದದ್ದು ಏಕೆ, ತುಕ್ಕು ಒಳಗೇ ಉಳಿದದ್ದು ಏಕೆ, ಇವೆರಡನ್ನು ತಿಳಿದರೆ ಉಳಿಯುವ ತೇಪೆ ಹಾಕಬಹುದು.

ಮೊದಲು ತುಕ್ಕು. ಸಿಮೆಂಟ್ ಗಟ್ಟಿಯಾಗುವಾಗ ಒಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹುಟ್ಟುತ್ತದೆ. ಅದರಿಂದ ಕಾಂಕ್ರೀಟಿನೊಳಗಿನ ನೀರಿನ ಪಿಎಚ್ 12.5ಕ್ಕೂ ಮೇಲಿರುತ್ತದೆ. ಅಷ್ಟು ಕ್ಷಾರದಲ್ಲಿ ಕಂಬಿಯ ಮೈಗೆ ಕಣ್ಣಿಗೆ ಕಾಣದ ಒಂದು ಆಕ್ಸೈಡ್ ಪೊರೆ ಕಟ್ಟುತ್ತದೆ, ಅದಿರುವವರೆಗೆ ತುಕ್ಕು ಹತ್ತುವುದಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ರಂಧ್ರಗಳಲ್ಲಿ ಇಳಿದು ಆ ಹೈಡ್ರಾಕ್ಸೈಡನ್ನು ಸುಣ್ಣಕಲ್ಲಾಗಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಮಾರ್ಪಡಿಸುತ್ತ ಹೋಗುತ್ತದೆ. ಇದೇ ಕಾರ್ಬೊನೇಷನ್. ಇದರಿಂದ ಕಾಂಕ್ರೀಟ್ ಮೆತ್ತಗಾಗುವುದಿಲ್ಲ, ಆದರೆ ಪಿಎಚ್ 9ಕ್ಕಿಂತ ಕೆಳಗಿಳಿದು ಕಂಬಿಯ ಪೊರೆ ಹೋಗುತ್ತದೆ. ಆಮೇಲೆ ತೇವ ಸಿಕ್ಕರೆ ತುಕ್ಕು. ತುಕ್ಕಿಗೆ ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು ಜಾಗ ಬೇಕು, ಆ ಒತ್ತಡಕ್ಕೆ ಕವರ್ ಸೀಳುತ್ತದೆ.

ಮಲೆನಾಡಿನಲ್ಲಿ ಇಲ್ಲೊಂದು ವಿಶೇಷವಿದೆ. ಮಳೆ ಹೊಡೆಯುವ ಮೈಯೇ ಹೆಚ್ಚು ಕೆಟ್ಟಿರುತ್ತದೆ ಎಂದು ನಮಗೆ ಅನಿಸುವುದು ಸಹಜ. ಆದರೆ ಕಾರ್ಬೊನೇಷನ್ ಬೇಗ ಸಾಗುವುದು ಅರೆಒಣ ಕಾಂಕ್ರೀಟಿನಲ್ಲಿ, ಸುಮಾರು 50ರಿಂದ 70 ಶೇಕಡಾ ಆರ್ದ್ರತೆಯಲ್ಲಿ. ರಂಧ್ರದಲ್ಲಿ ನೀರು ತುಂಬಿದ್ದರೆ ಅನಿಲ ಒಳಗೆ ಇಳಿಯುವುದೇ ಕಷ್ಟ. ಹಾಗಾಗಿ ಮಳೆ ತಾಗದ ತೊಲೆಯ ಕೆಳಮೈಯಲ್ಲಿ, ಸಜ್ಜಾದ ಅಡಿಯಲ್ಲಿ ಕಾರ್ಬೊನೇಷನ್ ಆಳಕ್ಕೆ ಹೋಗಿರುತ್ತದೆ. ಅಷ್ಟರಿಂದಲೇ ತುಕ್ಕು ಹಿಡಿಯುವುದಿಲ್ಲ. ಮೇಲೆ ತೂಬು ಕಟ್ಟಿ, ಎಲೆ ಕೊಳೆತು, ಪಾಚಿಯಡಿಯಿಂದ ನೀರು ಜಿನುಗಿ ಅದೇ ಜಾಗಕ್ಕೆ ಇಳಿದಾಗ ಹಿಡಿಯುತ್ತದೆ. ಒಳಕೋಣೆಯ ಒಣ ತೊಲೆ ಪೂರ್ತಿ ಕಾರ್ಬೊನೇಟ್ ಆಗಿದ್ದರೂ ಕಂಬಿ ಚೆನ್ನಾಗಿರುವುದುಂಟು. ಅದನ್ನು ಒಡೆಯಬೇಡಿ, ಅಲ್ಲಿಗೆ ನೀರು ಬಾರದಂತೆ ನೋಡಿಕೊಂಡರೆ ಸಾಕು.

ಪರೀಕ್ಷೆ ಸುತ್ತಿಗೆಯಿಂದ ಶುರು. ಹಲಸಿನ ಹಣ್ಣನ್ನು ತಟ್ಟಿ ನೋಡುವ ಕಿವಿಯೇ ಇಲ್ಲಿಯೂ ಬೇಕು. ಗಟ್ಟಿ ಜಾಗದಲ್ಲಿ ಠಣ್ ಎನ್ನುತ್ತದೆ, ಪದರ ಬಿಟ್ಟಲ್ಲಿ ಡಬ್ ಎನ್ನುತ್ತದೆ. ಡಬ್ ಎಂದಲ್ಲೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಕವರ್ ಮೀಟರಿನಿಂದ ಕಂಬಿ ಎಷ್ಟು ಆಳದಲ್ಲಿದೆ ಎಂದು ನೋಡಿ ಅಲ್ಲೇ ಬರೆಯಿರಿ. ಆಮೇಲೆ ಒಂದು ಮೂಲೆಯನ್ನು ಹೊಸದಾಗಿ ಒಡೆದು, ಧೂಳು ಊದಿ, ನೀರು ಹಾಕದೆ, ಆಲ್ಕೋಹಾಲಿನಲ್ಲಿ ಕರಗಿಸಿದ 1 ಶೇಕಡಾ ಫಿನಾಲ್ಫ್ಥಲೀನ್ ಸಿಂಪಡಿಸಿ. ಕ್ಷಾರ ಉಳಿದಲ್ಲಿ ಗಾಢ ಗುಲಾಬಿ ಬರುತ್ತದೆ, ಹೋದಲ್ಲಿ ಬಣ್ಣವೇ ಬರುವುದಿಲ್ಲ. ಹಳೆಯ ಒಡಕಿನ ಮೇಲೆ ಸಿಂಪಡಿಸಿದರೆ ತಪ್ಪು ಉತ್ತರ ಸಿಗುತ್ತದೆ, ಏಕೆಂದರೆ ಒಡೆದ ಮೈಯೂ ಗಾಳಿಗೆ ಕಾರ್ಬೊನೇಟ್ ಆಗುತ್ತಿರುತ್ತದೆ. ಗುಲಾಬಿ ಗೆರೆಯಿಂದ ನಾಲ್ಕೈದು ಮಿಲಿಮೀಟರ್ ಒಳಗಿರುವ ಕಂಬಿಯನ್ನೂ ಸುರಕ್ಷಿತ ಎನ್ನಬೇಡಿ, ಆ ಬಣ್ಣ ಬದಲಾಗುವ ಮೊದಲೇ ಪೊರೆ ದುರ್ಬಲವಾಗಿರುತ್ತದೆ.

ನಮ್ಮ ತೊಲೆಯಲ್ಲಿ ಬಣ್ಣ ಬಾರದ ಆಳ 35 ಮಿಲಿಮೀಟರ್ ಎನ್ನಿ. ಆಳವು ವರ್ಷಗಳ ವರ್ಗಮೂಲಕ್ಕೆ ಅನುಗುಣವಾಗಿ ಬೆಳೆಯುತ್ತದೆ. 85ರ ವರ್ಗಮೂಲ ಸುಮಾರು 9.2, ಅದರಿಂದ 35ನ್ನು ಭಾಗಿಸಿದರೆ 3.8. 20ನ್ನು ಈ ಸಂಖ್ಯೆಯಿಂದ ಭಾಗಿಸಿ ಬಂದದ್ದರ ವರ್ಗ ಮಾಡಿದರೆ, 20 ಮಿಲಿಮೀಟರ್ ಕವರ್ ದಾಟಲು 28 ವರ್ಷ ಸಾಕಾಗಿತ್ತು ಎಂದು ಗೊತ್ತಾಗುತ್ತದೆ. ಅದೇ ತೊಲೆಯಲ್ಲಿ ಎಲ್ಲಾದರೂ ಕವರ್ 50 ಇದ್ದರೆ, ಅಲ್ಲಿಗೆ ಮುಟ್ಟಲು ಒಟ್ಟು 170 ವರ್ಷಕ್ಕೂ ಹೆಚ್ಚು ಬೇಕು. ಎಲ್ಲಿ ಒಡೆಯಬೇಕು, ಎಲ್ಲಿ ಬೇಡ ಎನ್ನುವುದಕ್ಕೆ ಈ ಲೆಕ್ಕ ಒಳ್ಳೆಯ ಆಧಾರ. ಇದು ಅಂದಾಜು ಎನ್ನುವುದು ನೆನಪಿರಲಿ, ಬಿರುಕು ಇದ್ದಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಇನ್ನು ಒಡೆಯುವುದು. ಮೊದಲು ತೊಲೆಯಡಿ ಜಾಕಿ ಕೊಟ್ಟು ಭಾರ ಇಳಿಸಿ. ತೇಪೆಯ ಅಂಚನ್ನು ಕಟರಿನಿಂದ ನೇರವಾಗಿ 5ರಿಂದ 10 ಮಿಲಿಮೀಟರ್ ಕೊಯ್ಯಿರಿ. ಕವರ್ ಕಡಿಮೆ ಇರುವುದರಿಂದ ಚಕ್ರ ಕಂಬಿಗೆ ತಾಗದ ಹಾಗೆ ಜಾಗ್ರತೆ. ತೆಳ್ಳಗೆ ಸವರಿ ಮುಗಿಸಿದ ಅಂಚು ಮೊದಲ ಬೇಸಿಗೆಯಲ್ಲೇ ಏಳುತ್ತದೆ. ಕಂಬಿಯ ಮುಂದೆ ಮಾತ್ರ ಒಡೆದು ನಿಲ್ಲಿಸುವುದೇ ಎಲ್ಲೆಡೆ ಆಗುವ ತಪ್ಪು. ಕಂಬಿಯ ಹಿಂದೆ 20ರಿಂದ 25 ಮಿಲಿಮೀಟರ್, ಬೆರಳು ಸುತ್ತ ಆಡುವಷ್ಟು, ಬಿಡಿಸಬೇಕು. ಕಂಬಿಯ ಉದ್ದಕ್ಕೂ ಹೊಳೆಯುವ ಕಬ್ಬಿಣ ಸಿಕ್ಕ ಮೇಲೆ ಇನ್ನೂ 50 ಮಿಲಿಮೀಟರ್ ಮುಂದೆ ಹೋಗಬೇಕು. ಹಿಂದೆ ಉಳಿದ ಕಾರ್ಬೊನೇಟ್ ಆದ ಕಾಂಕ್ರೀಟ್ ಕಂಬಿಯ ಬೆನ್ನನ್ನು ತಿನ್ನುತ್ತಲೇ ಇರುತ್ತದೆ, ಬಿದ್ದ ತುಂಡಿನಲ್ಲಿ ಕಂಡ ಪದರ ತುಕ್ಕು ಅದೇ. ದೊಡ್ಡ ಬ್ರೇಕರ್ ಬೇಡ, ಅದು ಉಳಿಯಬೇಕಾದ ಕಾಂಕ್ರೀಟಿನೊಳಗೂ ಸಣ್ಣ ಬಿರುಕು ಬಿಡಿಸುತ್ತದೆ. ಸಣ್ಣ ಚಿಪ್ಪಿಂಗ್ ಯಂತ್ರ, ಕೊನೆಗೆ ಉಳಿ ಸುತ್ತಿಗೆ.

ಕಂಬಿಯನ್ನು ತಂತಿ ಬ್ರಷ್ಷಿನಿಂದ ಸುತ್ತಲೂ ಉಜ್ಜಿ ಕ್ಯಾಲಿಪರ್ ಹಿಡಿಯಿರಿ. 15.9 ಇದ್ದದ್ದು 13.5ಕ್ಕೆ ಇಳಿದಿದ್ದರೆ ವ್ಯಾಸದಲ್ಲಿ ಹೋದದ್ದು ಸ್ವಲ್ಪವೇ ಎನಿಸುತ್ತದೆ, ಆದರೆ ಅಡ್ಡಕೊಯ್ತದ ವಿಸ್ತೀರ್ಣದಲ್ಲಿ 28 ಶೇಕಡಾ ಹೋಗಿದೆ. ಅಷ್ಟಾದರೆ ಎಂಜಿನಿಯರ್ ಮತ್ತೆ ಲೆಕ್ಕ ಹಾಕಿ ಪಕ್ಕದಲ್ಲಿ ಹೊಸ ಕಂಬಿ ಕೊಡಬೇಕು. ಹಳೆಯ ಕಬ್ಬಿಣದ ರಾಸಾಯನಿಕ ಪರೀಕ್ಷೆ ಮಾಡದೆ ವೆಲ್ಡಿಂಗ್ ಮಾಡಬೇಡಿ. ಕಂಬಿ ನುಣುಪಾಗಿರುವುದರಿಂದ ಕಾಂಕ್ರೀಟ್ ಅದನ್ನು ಕಡಿಮೆ ಹಿಡಿಯುತ್ತದೆ, ಹಳೆಯ ಹೊಸ ಕಂಬಿ ಅಕ್ಕಪಕ್ಕ ಸಾಗುವ ಲ್ಯಾಪ್ ಉದ್ದ ಧಾರಾಳವಾಗಿರಲಿ.

ಈಗ ಗಾರೆಗೆ ಬರೋಣ, ಮುಖ್ಯ ಮಾತು ಇಲ್ಲಿದೆ. ಹಳೆಯ 1:2:4 ಕಾಂಕ್ರೀಟಿನ ಶಕ್ತಿ ಚದರ ಮಿಲಿಮೀಟರಿಗೆ 15 ನ್ಯೂಟನ್ ಎಂದುಕೊಳ್ಳಿ. ಐಎಸ್ 456ರ `E = 5000√fck` ಸೂತ್ರದಂತೆ ಅದರ ಬಿಗುಪು, ಅಂದರೆ ಎಳೆತಕ್ಕೆ ಹಿಗ್ಗದೆ ನಿಲ್ಲುವ ಗುಣ, ಅದೇ ಅಳತೆಯಲ್ಲಿ 19,400. ಅಂಗಡಿಯಲ್ಲಿ "ಅತ್ಯಂತ ಸ್ಟ್ರಾಂಗ್" ಎಂದು ಕೊಡುವ ಗಾರೆಯ ಶಕ್ತಿ 45ಕ್ಕೂ ಮೇಲೆ, ಬಿಗುಪೂ ಅದಕ್ಕೆ ತಕ್ಕಂತೆ ಹೆಚ್ಚು. ಗಾರೆ ಒಣಗುತ್ತ ಕುಗ್ಗುತ್ತದೆ. ಬಿಗುಪು ಹೆಚ್ಚಾದಷ್ಟೂ ಆ ಕುಗ್ಗುವಿಕೆ ಹಳೆಯ ಕಾಂಕ್ರೀಟನ್ನು ಜೋರಾಗಿ ಎಳೆಯುತ್ತದೆ, ಎಳೆತ ತಾಳದೆ ದುರ್ಬಲ ಮೈ ಹರಿಯುತ್ತದೆ. ಎಪಾಕ್ಸಿ ಗಾರೆಯಲ್ಲಿ ಇದರ ಜೊತೆಗೆ ಬಿಸಿಲಿಗೆ ಹಿಗ್ಗುವುದು ಕಾಂಕ್ರೀಟಿಗಿಂತ ಎರಡು ಮೂರು ಪಟ್ಟು, ಹಿಂದಿನ ತೇವ ಹೊರಬರಲೂ ದಾರಿಯಿಲ್ಲ.

ಹಾಗಾದರೆ ಹಳೆಯ ಕಟ್ಟಡಕ್ಕೆ ಸುಣ್ಣದ ಗಾರೆಯೇ ಸರಿ ಎನ್ನುವವರಿದ್ದಾರೆ. ಪಕ್ಕದ ಇಟ್ಟಿಗೆ ಗೋಡೆಗೆ ಖಂಡಿತ ಸರಿ. ಕಂಬಿಯ ಸುತ್ತ ಅದು ತಪ್ಪು. ಸುಣ್ಣ ಗಟ್ಟಿಯಾಗುವುದೇ ಕಾರ್ಬೊನೇಷನ್ನಿನಿಂದ. ಯಾವುದರಿಂದ ಕಂಬಿಯನ್ನು ಕಾಪಾಡಬೇಕೋ ಅದನ್ನೇ ತಂದಿಟ್ಟಂತೆ.

ಸರಿಹೊಂದುವುದು ಸಿಮೆಂಟಿನದೇ, ಆದರೆ ಮಧ್ಯಮ ಶಕ್ತಿಯದು: 25ರಿಂದ 30 ನ್ಯೂಟನ್. ಜಲ್ಲಿ ಇಲ್ಲದ ಗಾರೆಯ ಬಿಗುಪು ಅದೇ ಶಕ್ತಿಯ ಕಾಂಕ್ರೀಟಿಗಿಂತ ಕಡಿಮೆ, ಪಾಲಿಮರ್ ಸೇರಿದರೆ ಇನ್ನೂ ಕಡಿಮೆ, ಹಾಗಾಗಿ ಅದು ಹಳೆಯ ತೊಲೆಯ ಹತ್ತಿರಕ್ಕೆ ಬರುತ್ತದೆ. ಸೈಟಿನಲ್ಲಿ ಕಲಸುವುದಾದರೆ 50 ಕಿಲೋ ಸಿಮೆಂಟಿಗೆ 150 ಕಿಲೋ ತೊಳೆದ ಮರಳು, ಪಾಲಿಮರ್ ಆಗಿ ಅರ್ಧ ಘನಾಂಶವಿರುವ ಎಸ್‌ಬಿಆರ್ ಲ್ಯಾಟೆಕ್ಸ್ 10 ಕಿಲೋ. ಒಟ್ಟು ನೀರು 21 ಲೀಟರ್. ಇದರಲ್ಲಿ 5 ಲೀಟರ್ ಲ್ಯಾಟೆಕ್ಸಿನಲ್ಲೇ ಇದೆ. ಮರಳಿನಲ್ಲಿ 3 ಶೇಕಡಾ ತೇವವಿದ್ದರೆ ಇನ್ನು ನಾಲ್ಕೂವರೆ ಲೀಟರ್ ಅಲ್ಲಿದೆ. ಡ್ರಮ್ಮಿನಿಂದ ಹಾಕಬೇಕಾದದ್ದು ಹನ್ನೊಂದೂವರೆ ಮಾತ್ರ. ಈ ಕಳೆಯುವ ಲೆಕ್ಕ ಮರೆತು 21 ಸುರಿದರೆ ಗಾರೆ ಕುಗ್ಗಿ ಸೀಳುತ್ತದೆ. ಕೆಲಸಕ್ಕೆ ಮೊದಲು ಕ್ಯೂಬ್ ಎರೆದು 28 ದಿನಕ್ಕೆ ಒಡೆಸಿ ನೋಡಿ. 35 ದಾಟಿದರೆ ಮರಳು ಹೆಚ್ಚಿಸಿ.

ಹಳೆಯ ಮೈಯನ್ನು ಹಿಂದಿನ ದಿನವೇ ನೆನೆಸಿ. ಗಾರೆ ಹಚ್ಚುವಾಗ ಒಳಗೆ ತೇವ, ಮೇಲೆ ನೀರಿನ ಹೊಳಪಿಲ್ಲ, ಆ ಸ್ಥಿತಿ ಬೇಕು. ಒಣಗಿದ್ದರೆ ಗಾರೆಯ ನೀರನ್ನೇ ಹೀರುತ್ತದೆ. ಸಿಮೆಂಟ್-ಲ್ಯಾಟೆಕ್ಸ್ ಹಾಲನ್ನು ಬ್ರಷ್ಷಿನಿಂದ ಉಜ್ಜಿ, ಅದು ಹಸಿಯಾಗಿರುವಾಗಲೇ ಗಾರೆ ಒತ್ತಿ. ಹಾಲು ಒಣಗಿ ಪೊರೆ ಕಟ್ಟಿದರೆ ಅದೇ ಜಾರುವ ಪದರ, ಕೆರೆದು ಮತ್ತೆ ಹಚ್ಚಬೇಕು. ಮೊದಲು ಕಂಬಿಯ ಹಿಂದೆ ಬೆರಳಲ್ಲಿ ತುರುಕಿ ತುಂಬಿಸಿ, ಆಮೇಲೆ ಕರಣೆ. ಕೆಳಮೈಯಲ್ಲಿ ಒಂದು ಪದರ 15ರಿಂದ 20 ಮಿಲಿಮೀಟರ್ ಮೀರಬಾರದು, ಮುಂದಿನ ಪದರಕ್ಕೆ ಮೈ ಗೀರಿ ಬಿಡಿ. ಕೊನೆಯ ಪದರ ಮುಗಿದ ಮೇಲೆ ಒದ್ದೆ ಗೋಣಿ, ಅದರ ಮೇಲೆ ಪ್ಲಾಸ್ಟಿಕ್, ಏಳು ದಿನ. ನಮ್ಮ ಕಡೆ ಮಳೆ ನಿಂತ ಅಕ್ಟೋಬರ್–ನವೆಂಬರ್ ಈ ಕೆಲಸಕ್ಕೆ ಹದವಾದ ಕಾಲ. ಫೆಬ್ರವರಿ–ಮಾರ್ಚಿನ ಒಣಗಾಳಿಯಲ್ಲಿ ಗೋಣಿ ಮಧ್ಯಾಹ್ನದೊಳಗೆ ಒಣಗಿರುತ್ತದೆ.

ನೀರಿನ ದಾರಿ ಸರಿಮಾಡದೆ ಇದೆಲ್ಲ ಮಾಡಿ ಫಲವಿಲ್ಲ. ತೂಬು ಬಿಡಿಸಿ, ಮೇಲಿನ ಇಳಿಜಾರು ಸರಿಪಡಿಸಿ, ಸಜ್ಜಾದ ಕೆಳ ಅಂಚಿನಿಂದ 25 ಮಿಲಿಮೀಟರ್ ಒಳಗೆ ನೀರು ತೊಟ್ಟಿಕ್ಕುವ ಸಣ್ಣ ತೋಡು ತೆಗೆಯಿರಿ. ಬಣ್ಣ ಹಚ್ಚುವುದಾದರೆ ಇಂಗಾಲದ ಡೈಆಕ್ಸೈಡನ್ನು ತಡೆದು ನೀರಾವಿಯನ್ನು ಹೊರಬಿಡುವಂಥದ್ದು ಬೇಕು.

28 ದಿನ ತುಂಬಿದಾಗ ಒಮ್ಮೆ, ಮೊದಲ ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಸುತ್ತಿಗೆ ಹಿಡಿದು ತಟ್ಟಿ. ಅಂಚಿನಲ್ಲಿ ಡಬ್ ಎಂದರೆ ಗೋಣಿ ಒಣಗಿತ್ತು, ಅಥವಾ ಗಾರೆ ಬಿಗುಪಾಗಿತ್ತು. ನಡುವೆ ಎಂದರೆ ಹಾಲು ಒಣಗಿದ ಮೇಲೆ ಗಾರೆ ಹಚ್ಚಿದ್ದಾರೆ, ಇಲ್ಲವೇ ಕಂಬಿಯ ಹಿಂದೆ ಖಾಲಿ ಉಳಿದಿದೆ. ತೇಪೆಯ ಹೊರಗೆ, ಕಂಬಿಯ ಗುಂಟ ಹೊಸ ಬಿರುಕು ಕಂಡರೆ ಒಡೆಯುವುದನ್ನು ಬೇಗ ನಿಲ್ಲಿಸಿದ್ದಾರೆ. ಅಲ್ಲಿಂದ ಹೊಳೆಯುವ ಕಬ್ಬಿಣ ಸಿಗುವವರೆಗೆ ಮತ್ತೆ ಬಿಡಿಸಬೇಕು.