ಎದೆಯ ಮೇಲಿನ ಕೂಸು: ಕತ್ತು, ಕಟ್ಟು, ಪಾದ

ಕೇಳುಗರಿಗೆ ನಮಸ್ಕಾರ. ಹುಟ್ಟುವಾಗ 2.5 ಕಿಲೋ ತುಂಬದ ಕೂಸಿಗೆ ಚರ್ಮದಡಿ ಕೊಬ್ಬು ಕಡಿಮೆ, ಮೈಬಿಸಿ ಬೇಗ ಆರಿಹೋಗುತ್ತದೆ. ಅದಕ್ಕೇ ತಾಯಿಯ ಬರಿಯ ಎದೆಗೆ ಕೂಸಿನ ಬರಿಯ ಎದೆ ತಾಗಿಸಿ ಕಟ್ಟಿಕೊಳ್ಳುವ ಕಾಂಗರೂ ಆರೈಕೆ. ದಿನಕ್ಕೆ 8 ಗಂಟೆಯಾದರೂ ಬೇಕು, ಹೆಚ್ಚಾದಷ್ಟೂ ಒಳ್ಳೆಯದು. ತಾಯಿ ಊಟಕ್ಕೋ ಸ್ನಾನಕ್ಕೋ ಎದ್ದಾಗ ಅಪ್ಪ, ಅಜ್ಜಿ ಯಾರ ಎದೆಯಾದರೂ ಸರಿ.

ಕೂಸಿಗೆ ಕುಲಾವಿ, ಕಾಲುಚೀಲ, ಡೈಪರ್ ಇಷ್ಟೇ ಸಾಕು. ಎರಡು ಸ್ತನಗಳ ನಡುವೆ ನೆಟ್ಟಗೆ ನಿಲ್ಲಿಸಿದಂತೆ ಇಡಿ. ಕೈಗಳು ಮಡಚಿರಲಿ, ಕಾಲುಗಳು ಕಪ್ಪೆಯ ಕಾಲಿನಂತೆ ಅಗಲಿಸಿ ಮಡಚಿರಲಿ. ಇನ್ನು ಕತ್ತು. ಹೆಚ್ಚಿನವರು ತಪ್ಪುವುದು ಇಲ್ಲೇ. ಗದ್ದ ಎದೆಗೆ ಒತ್ತಿದರೆ ಮೆದುವಾದ ಉಸಿರುನಾಳ ಮಡಚಿಕೊಳ್ಳುತ್ತದೆ. ತಲೆ ತೀರ ಹಿಂದಕ್ಕೆ ವಾಲಿದರೂ ಅದೇ ತೊಂದರೆ. ಮುಖ ಒಂದು ಪಕ್ಕಕ್ಕೆ ತಿರುಗಿ, ಗದ್ದ ತುಸು ಮೇಲೆದ್ದಿರಬೇಕು. ಮೂಗು, ಬಾಯಿ ಸದಾ ನಿಮ್ಮ ಕಣ್ಣಿಗೆ ಕಾಣುತ್ತಿರಬೇಕು.

ಬಟ್ಟೆಯ ಕಟ್ಟು ಈ ಭಂಗಿಯನ್ನು ಹಿಡಿದಿಡುತ್ತದೆ. ಅದರ ಮೇಲಂಚು ಕೂಸಿನ ಕಿವಿಯ ಕೆಳಗೆ ಬರಲಿ. ಇನ್ನೂ ಕೆಳಗಿಳಿದರೆ ನೀವು ಎದ್ದಾಗ ತಲೆ ಜಾರುತ್ತದೆ. ಬಿಗಿತ ಎದೆಯ ಭಾಗದಲ್ಲಿರಲಿ, ಹೊಟ್ಟೆಯ ಮೇಲೆ ಬೇಡ, ಏಕೆಂದರೆ ಎಳೆಗೂಸು ಉಸಿರಾಡುವುದೇ ಹೊಟ್ಟೆ ಉಬ್ಬಿಸಿ. ಮಲಗುವಾಗ ದಿಂಬುಗಳಿಗೆ ಒರಗಿ ಮಲಗಿ. ಪೂರ್ತಿ ಚಪ್ಪಟೆಯಾಗಿ ಬೇಡ. ಒಮ್ಮೆ ಎತ್ತಿಕೊಂಡರೆ ಒಂದು ಗಂಟೆಯಾದರೂ ಇಳಿಸಬೇಡಿ. ಪದೇ ಪದೇ ತೆಗೆದು ಇಟ್ಟರೆ ಕೂಸಿಗೆ ದಣಿವೇ ಹೆಚ್ಚು.

ಬಿಸಿ ಸಾಕೇ ಎಂದು ತಿಳಿಯುವುದು ಹೇಗೆ? 1,700 ಗ್ರಾಂ ತೂಕದ ಕೂಸೊಂದು ಸಂಜೆ ಎದೆಯ ಮೇಲಿದೆ ಎನ್ನಿ. ನಿಮ್ಮ ಕೈಯ ಹಿಂಬದಿಯಿಂದ ಅದರ ಹೊಟ್ಟೆ ಮುಟ್ಟಿ, ಆಮೇಲೆ ಪಾದ ಮುಟ್ಟಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ, ಒಳಗಿನ ಬಿಸಿ ಉಳಿಸಲು ಮೈ ಕೈಕಾಲಿನ ರಕ್ತವನ್ನು ಹಿಂದಕ್ಕೆಳೆದಿದೆ. ಆಗ ಹುಡುಕಿ: ಡೈಪರ್ ಒದ್ದೆಯೇ? ಕುಲಾವಿ ಜಾರಿದೆಯೇ? ಇಬ್ಬರ ಎದೆಯ ನಡುವೆ ಬಟ್ಟೆ ಸಿಕ್ಕಿಕೊಂಡಿದೆಯೇ? ಸರಿಪಡಿಸಿ, ಬೆನ್ನ ಮೇಲೆ ಕಂಬಳಿ ಹೊದಿಸಿ, ಹಾಲು ಕುಡಿಸಿ. ಚೀಪಲಾರದಿದ್ದರೆ ಹಿಂಡಿದ ಎದೆಹಾಲನ್ನು ಆಸ್ಪತ್ರೆಯಲ್ಲಿ ಕಲಿಸಿದಂತೆ ಒಳಲೆಯಲ್ಲಿ ಕೊಡಿ. ಅರ್ಧ ಗಂಟೆ ಬಿಟ್ಟು ಮತ್ತೆ ಪಾದ ಮುಟ್ಟಿ ನೋಡಿ. ಥರ್ಮಾಮೀಟರ್ ಇದ್ದರೆ ಕಂಕುಳಲ್ಲಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು.

ಹೊಟ್ಟೆಯೂ ತಣ್ಣಗಾದರೆ, ಕೂಸು ಹಾಲು ಬಿಟ್ಟರೆ, ತುಟಿ ನೀಲಿಯಾದರೆ, ಉಸಿರು ನಿಂತು ನಿಂತು ಬಂದರೆ ಮನೆಯಲ್ಲಿ ಕಾಯಬೇಡಿ. ಉಸಿರು ನಿಂತಂತೆ ಕಂಡ ಕ್ಷಣವೇ ಕತ್ತು ನೇರ ಮಾಡಿ, ಬೆನ್ನು ಮತ್ತು ಅಂಗಾಲು ಉಜ್ಜಿ. ಆಸ್ಪತ್ರೆಗೆ ಹೊರಟಾಗಲೂ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಳ್ಳಬೇಡಿ. ಅದೇ ಕಟ್ಟಿನಲ್ಲಿ, ಮುಖ ಕಾಣುವಂತೆ, ಎದೆಯ ಮೇಲೆಯೇ ಕರೆದೊಯ್ಯಿರಿ.