ಅಪ್‌ಡೇಟ್ ಕೇಳೋ ಮೇಲ್‌ನಲ್ಲಿ ಒಂದು ಐಡಿಯಾನೂ ಇರ್ಲಿ

ಎಲ್ರಿಗೂ ನಮಸ್ಕಾರ. ಇಂಟರ್‌ವ್ಯೂ ಮುಗೀತು, ಒಂದು ವಾರದಲ್ಲಿ ಹೇಳ್ತೀವಿ ಅಂದ್ರು, ವಾರ ಕಳೆದು ಎರಡು ದಿನ ಆಯ್ತು, ಫೋನೂ ಇಲ್ಲ ಮೇಲೂ ಇಲ್ಲ. ಆಗ ನಾವು ಬರೆಯೋದು ಒಂದೇ ಸಾಲು, "ಏನಾದ್ರೂ ಅಪ್‌ಡೇಟ್ ಇದ್ಯಾ?" ಇದಕ್ಕೆ ಮ್ಯಾನೇಜರ್ ಹತ್ರ ಎಷ್ಟೋ ಸಲ ಉತ್ತರಾನೇ ಇರಲ್ಲ, ಬಜೆಟ್ ಅಪ್ರೂವಲ್ ಬಾಕಿ ಇರ್ಬಹುದು, ಇನ್ನಿಬ್ರ ಇಂಟರ್‌ವ್ಯೂ ಬಾಕಿ ಇರ್ಬಹುದು, ಹಾಗಾಗಿ ಆಮೇಲೆ ನೋಡೋಣ ಅಂತ ಬಿಟ್ಬಿಡ್ತಾರೆ. ಸ್ಟೇಟಸ್ ಬೇಕಾ, ಎಚ್‌ಆರ್‌ನ ಕೇಳಿ. ಮ್ಯಾನೇಜರ್ ತಲೇಲಿ ಓಡ್ತಿರೋದು ಟೀಮಿನ ಸಮಸ್ಯೆ, ಅವರಿಗೆ ಅದ್ರ ಬಗ್ಗೆ ಬರೀರಿ.

ಕಸ್ಟಮರ್ ಸಪೋರ್ಟ್ ಟೀಮ್ ಲೀಡ್ ಕೆಲಸ ಅಂತ ಇಟ್ಕೊಳ್ಳಿ. ಇಂಟರ್‌ವ್ಯೂ ಮಧ್ಯ ಮ್ಯಾನೇಜರ್ ಮೇಡಂ "ಸೋಮವಾರ ಬಂತಂದ್ರೆ ಟಿಕೆಟ್ ರಾಶಿ ಬೀಳತ್ತೆ, ಜನ ಸಾಲಲ್ಲ" ಅಂದಿದ್ರು, ಟಿಕೆಟ್ ಅಂದ್ರೆ ಕಸ್ಟಮರ್‌ಗಳಿಂದ ಬರೋ ದೂರು, ಪ್ರಶ್ನೆ. ಹೊರಗೆ ಬಂದ ತಕ್ಷಣ ಆ ಮಾತನ್ನ ಅವರ ಪದಗಳಲ್ಲೇ ಬರೆದಿಟ್ಕೊಳ್ಳಿ, ಸಂಜೆ ಹೊತ್ತಿಗೆ ಮರೆತೋಗತ್ತೆ. ಆಮೇಲೆ ಇಂಟರ್‌ವ್ಯೂ ಮೇಲ್ ಬಂದಿತ್ತಲ್ಲ, ಅದಕ್ಕೇ ರಿಪ್ಲೈ ಮಾಡಿ, ಆಗ ನೀವ್ಯಾರು ಅಂತ ಅವರು ಹುಡುಕ್ಬೇಕಾಗಿಲ್ಲ. ಹೀಗೆ ಬರೀಬಹುದು:

"ಮೇಡಂ, ಸೋಮವಾರದ ಟಿಕೆಟ್ ಬಗ್ಗೆ ನೀವು ಹೇಳಿದ್ದು ತಲೇಲೇ ಇತ್ತು. ಕಳೆದ ನಾಲ್ಕು ಸೋಮವಾರದ ಟಿಕೆಟ್ ತಗೊಂಡು, ಶನಿವಾರ ಭಾನುವಾರ ಬಂದು ಉಳಿದಿದ್ದೆಷ್ಟು, ಸೋಮವಾರವೇ ಹೊಸದಾಗಿ ಬಂದಿದ್ದೆಷ್ಟು ಅಂತ ಬೇರೆ ಮಾಡಿ ನೋಡ್ಬಹುದಾ? ಉಳಿದಿದ್ದೇ ಜಾಸ್ತಿ ಇದ್ರೆ ಭಾನುವಾರ ಸಂಜೆಗೆ ಒಬ್ಬರ ಶಿಫ್ಟ್ ಹಾಕಿದ್ರೆ ಹೊರೆ ಇಳೀಬಹುದು. ಹೊಸದೇ ಜಾಸ್ತಿ ಇದ್ರೆ ಅವತ್ತು ಕಸ್ಟಮರ್‌ಗೆ ಬಿಲ್ಲೋ ನೋಟಿಸೋ ಹೋಗ್ತಿದ್ಯಾ ಅಂತ ನೋಡ್ಬೇಕಾಗತ್ತೆ. ಇದನ್ನ ನೀವು ಈಗಾಗ್ಲೇ ಮಾಡಿ ನೋಡಿರ್ಲೂಬಹುದು. ನನಗೆ ಈ ಕೆಲಸದಲ್ಲಿ ಆಸಕ್ತಿ ಇದೆ, ಮುಂದಿನ ಹಂತ ಯಾವಾಗ ಅಂತ ಗೊತ್ತಾದಾಗ ತಿಳಿಸಿ."

ಇಷ್ಟೇ, ಫೋನಲ್ಲಿ ಒಂದು ಸ್ಕ್ರೀನು. ಇಲ್ಲಿ "ನಿಮ್ಮ ಟೀಮ್ ತಪ್ಪು ಮಾಡ್ತಿದೆ" ಅಂತ ಎಲ್ಲೂ ಇಲ್ಲ ನೋಡಿ, ಒಳಗಿನ ಡೇಟಾ ನಮ್ಮ ಹತ್ರ ಇಲ್ದೆ ಇರುವಾಗ ಕಾರಣ ಇದೇ ಅಂತ ಹೇಳೋ ಹಾಗೂ ಇಲ್ಲ, ಅದಕ್ಕೇ ಎರಡೂ ದಾರಿ ಇಟ್ಟು ಕೇಳಿದ್ದು. ಎಷ್ಟೋ ಜನ ಎಡವೋದು ಇಲ್ಲೇ, ಹದಿನೈದು ಸ್ಲೈಡ್ ಮಾಡಿ ಕಳಿಸ್ತಾರೆ, ಇಲ್ಲಾ ಯಾವುದೋ ಲೇಖನದ ಲಿಂಕ್ ಹಾಕಿ "ಉಪಯೋಗ ಆಗ್ಬಹುದು" ಅಂತಾರೆ. ಕಳಿಸೋಕ್ಮುಂಚೆ ಕಂಪನಿ ಹೆಸರು ಬದಲಾಯಿಸಿ ಓದಿ, ಬೇರೆ ಕಂಪನಿಗೂ ಹೊಂದತ್ತೆ ಅಂದ್ರೆ ಆ ಐಡಿಯಾ ಅವರ ಮಾತಿಂದ ಹುಟ್ಟಿದ್ದಲ್ಲ. ಅಂಥದ್ದು ಕಳಿಸೋ ಬದ್ಲು ಎರಡು ಸಾಲಿನ ಸಾದಾ ಮೇಲೇ ವಾಸಿ.

ಐಡಿಯಾ ಚೆನ್ನಾಗಿದ್ರೂ ಪೋಸ್ಟೇ ನಿಂತೋಗಿದ್ರೆ ಏನೂ ಆಗಲ್ಲ, ಅದು ಮೇಲ್‌ನ ತಪ್ಪಲ್ಲ. ಉತ್ತರ ಬರ್ಲಿಲ್ವಾ, ಒಂದು ವಾರ ಬಿಟ್ಟು ಎಚ್‌ಆರ್‌ಗೆ ಒಂದು ಸಾಲು ಬರೆದು ಅಲ್ಲಿಗೆ ಬಿಡಿ, ಮ್ಯಾನೇಜರ್‌ಗೆ ಇನ್ನೊಂದು ಐಡಿಯಾ ಕಳಿಸ್ಬೇಡಿ. "ಇದನ್ನ ಆಗ್ಲೇ ಟ್ರೈ ಮಾಡಿದೀವಿ" ಅಂತ ಉತ್ತರ ಬಂತಾ, ಬೇಜಾರು ಬೇಡ, ಮಾತು ಶುರುವಾಗಿದೆ, "ಹೌದಾ, ಏನು ಗೊತ್ತಾಯ್ತು ಮೇಡಂ?" ಅಂತ ಕೇಳಿ.